ಅಂಚೆ ಕಚೇರಿಯ ಹಿರಿಯರಿಗೆ ಬೀಳ್ಕೊಡುಗೆ ಮಾತು: ಕರಡು ನೋಡಿ ತಿದ್ದಿಕೊಡಿ

ಶರಾವತಿ ತೀರ (ಮೇ 22)

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಸಣ್ಣ ಊರಿನ ಅಂಚೆ ಕಚೇರಿಯಲ್ಲಿ ಕೌಂಟರ್ ಕೆಲಸ ನನ್ನದು. ನಮ್ಮ ಪೋಸ್ಟ್‌ಮಾಸ್ಟರ್ ಸರ್ 38 ವರ್ಷ ಸೇವೆ ಮುಗಿಸಿ 2025ರ ಮೇ 31ಕ್ಕೆ, ಶನಿವಾರ, ನಿವೃತ್ತರಾಗುತ್ತಿದ್ದಾರೆ. ನಾನು ಅವರ ಕೈಕೆಳಗೆ ಕೆಲಸ ಮಾಡಿದ್ದು ಮೂರೂವರೆ ವರ್ಷ ಮಾತ್ರ. ಆದರೂ ಸಿಬ್ಬಂದಿ ಪರವಾಗಿ ನಾನೇ ಮಾತಾಡಬೇಕು ಅಂತ ಎಲ್ಲರೂ ಹೇಳಿದ್ದಾರೆ. ವೇದಿಕೆ ಮೇಲೆ ಇನ್ಸ್‌ಪೆಕ್ಟರ್ ಸಾಹೇಬರು ಇರುತ್ತಾರೆ, ಎದುರಿಗೆ ಸರ್ ಮನೆಯವರು ಕೂತಿರುತ್ತಾರೆ. ಗೌರವ ಇರಬೇಕು, ಸ್ವಲ್ಪ ನಗುವೂ ಇರಬೇಕು. ಶುರು ಹೀಗೆ ಬರೆದಿದ್ದೇನೆ:

"ಸನ್ಮಾನ್ಯರು ಸರಳ, ಸಜ್ಜನಿಕೆಯ ವ್ಯಕ್ತಿಯಾಗಿದ್ದರು. ಅಜಾತಶತ್ರುವಾಗಿದ್ದರು. ಎಲ್ಲರೊಂದಿಗೂ ನಗುನಗುತ್ತಾ ಬೆರೆಯುತ್ತಿದ್ದರು. ಅವರ ಅಗಲಿಕೆ ನಮ್ಮ ಕಚೇರಿಗೆ ತುಂಬಲಾರದ ನಷ್ಟ. ಅವರು ಹಾಕಿಕೊಟ್ಟ ದಾರಿಯಲ್ಲಿ ನಾವೆಲ್ಲ ನಡೆಯೋಣ. ದೇವರು ಅವರಿಗೆ ಆಯುರಾರೋಗ್ಯ ಕರುಣಿಸಲಿ."

ಓದಿದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಎಲ್ಲಿ ಅಂತ ಗೊತ್ತಾಗುತ್ತಿಲ್ಲ.

ಬಾಗಲಕೋಟಿ ಹುಡುಗ

ಅಣ್ಣಾರ, ತಪ್ಪು ತಿಳ್ಕೋಬ್ಯಾಡ್ರಿ. ಕೊನೀ ಸಾಲು ತಗದು "ಅವರ ಆತ್ಮಕ್ಕೆ ಶಾಂತಿ ಸಿಗಲಿ" ಅಂತ ಹಾಕಿದ್ರ ಇದು ಶ್ರದ್ಧಾಂಜಲಿ ಆಕ್ಕೈತಿ. ಅವ್ರು ಎದುರಿಗೇ ಕುಂತಿರ್ತಾರ, ನೀವು "ಆಗಿದ್ದರು" ಅಂದ್ರ ಹ್ಯಾಂಗ್ರಿ? ಇಂಥಾ ಭಾಷಣದಾಗ ಭೂತಕಾಲ ಒಟ್ಟs ಬಳಸಬಾರದು.

ಇನ್ನೊಂದ್ ಮಾತು. ಎಲ್ಲಿ ಸೇರಿದ್ರು, ಎಲ್ಲೆಲ್ಲಿ ವರ್ಗ ಆತು, ಯಾವಾಗ ಬಡ್ತಿ ಸಿಕ್ತು, ಅದನ್ನೆಲ್ಲ ಇಸವಿ ಹಚ್ಚಿ ವರಸೀಲೆ ಹೇಳ್ರಿ. ಅದು ಹಿರಿಯರಿಗೆ ಕೊಡೋ ಮರ್ಯಾದಿ.

ಹಳೇ ನಿರೂಪಕ

ಹೈಸ್ಕೂಲ್ ಮೇಷ್ಟ್ರಾಗಿದ್ದವನು ನಾನು. ಇಪ್ಪತ್ತೈದು ವರ್ಷ ಶಾಲೆಯಲ್ಲೂ ಊರಲ್ಲೂ ಇಂಥ ಕಾರ್ಯಕ್ರಮಗಳ ನಿರೂಪಣೆ ಮಾಡಿದ್ದೇನೆ. ಬಾಗಲಕೋಟೆಯವರು ರೋಗ ಸರಿಯಾಗಿ ಹಿಡಿದರು, ಮದ್ದು ಮಾತ್ರ ಸ್ವಲ್ಪ ಹೆಚ್ಚಾಯಿತು.

ಭೂತಕಾಲ ಬೇಕು, ನಡೆದ ಘಟನೆಗೆ. "ಒಂದು ದಿನ ಸರ್ ಹೀಗೆ ಮಾಡಿದರು" ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಗುಣ ಹೇಳುವಾಗ "ಆಗಿದ್ದರು" ಬಂದರೆ ಮಾತು ಸಾವಿನ ಮನೆಗೆ ಹೋಗಿಬಿಡುತ್ತದೆ. ಮನುಷ್ಯ ನಿವೃತ್ತನಾದ ಮಾತ್ರಕ್ಕೆ ಅವನ ಸರಳತೆ ಮೇ 31ಕ್ಕೆ ಮುಗಿಯುವುದಿಲ್ಲವಲ್ಲ. ಕ್ರಿಯಾಪದದ ಜೊತೆಗೆ ಪದಗಳನ್ನೂ ನೋಡಿ. "ಅಗಲಿಕೆ", "ತುಂಬಲಾರದ ನಷ್ಟ", "ಹಾಕಿಕೊಟ್ಟ ದಾರಿ" ಇವು ಮೂರೂ ಪತ್ರಿಕೆಯ ನಿಧನ ವಾರ್ತೆಯಲ್ಲಿ ದಿನಾ ಕಾಣುವ ಮಾತುಗಳು. ನಿಮ್ಮ ಕಿವಿಗೆ ಸರಿಬರದೇ ಇದ್ದದ್ದು ಅದಕ್ಕೇ.

ಇಸವಿ ಪಟ್ಟಿಯ ವಿಷಯದಲ್ಲಿ ನನ್ನ ಅನುಭವ ಬೇರೆ. ಸ್ವಾಗತ ಮಾಡುವವರು ಅದನ್ನು ಓದುತ್ತಾರೆ, ಅಧ್ಯಕ್ಷರು ಮತ್ತೊಮ್ಮೆ ಓದುತ್ತಾರೆ. ನೀವು ನಾಲ್ಕನೆಯವರೋ ಐದನೆಯವರೋ ಆಗಿ ನಿಲ್ಲುವ ಹೊತ್ತಿಗೆ ಸಭೆಗೆ ಅದು ಬಾಯಿಪಾಠ ಆಗಿರುತ್ತದೆ. ನಿಮ್ಮ ಬಳಿ ಬೇರೆ ಯಾರ ಬಳಿಯೂ ಇಲ್ಲದ ಮೂರೂವರೆ ವರ್ಷ ಇದೆ. ಪಕ್ಕದ ಕುರ್ಚಿಯಲ್ಲಿ ಕೂತು ಕಂಡದ್ದು ಏನು? ಅದನ್ನು ಇಲ್ಲಿ ಬರೆಯಿರಿ. ಭಾಷಣದ ಧಾಟಿ ಬೇಡ, ಮನೆಯಲ್ಲಿ ಹೇಳಿದ ಹಾಗೆ ಹೇಳಿ.

ತುಮಕೂರು ತೆಂಗು

ನಿವೃತ್ತಿಯ ಶುಭಾಶಯಗಳು ಸರ್. 38 ವರ್ಷ ಅಂದ್ರೆ ಸಾಮಾನ್ಯ ಅಲ್ಲ. ಪಿಂಚಣಿ ಕಾಗದಪತ್ರ ಎಲ್ಲಾ ಕಳಿಸಿದ್ದೀರಾ? ಜಂಟಿ ಫೋಟೋ, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಹತ್ತಿರ ಇಟ್ಕೊಂಡಿರಿ. ಕಮ್ಯುಟೇಷನ್ ಎಷ್ಟು ತಗೋತೀರಿ? ನಮ್ಮಣ್ಣಂಗೆ ಅದೇ ಗೊಂದಲ ಆಗಿದೆ.

ಶರಾವತಿ ತೀರ

ತುಮಕೂರಿನವರೇ, ನಿವೃತ್ತರಾಗುತ್ತಿರುವುದು ನಮ್ಮ ಸರ್, ನಾನು ಭಾಷಣ ಮಾಡುವವನು. ನಿಮ್ಮ ಹಾರೈಕೆ ಅವರಿಗೆ ಮುಟ್ಟಿಸುತ್ತೇನೆ.

ಮೇಷ್ಟ್ರೇ, ನೀವು ಕೇಳಿದ ಮೇಲೆ ರಾತ್ರಿ ಕೂತು ಯೋಚಿಸಿದೆ. ಮೂರು ನೆನಪಿಗೆ ಬಂತು.

ಒಂದು, ತಾರೀಕಿನ ವಿಷಯ. ನಮ್ಮಲ್ಲಿ ಬೆಳಿಗ್ಗೆ ಮೊದಲ ಕೆಲಸವೇ ಮೊಹರಿನ ತಾರೀಕು ಬದಲಿಸಿ ಪುಸ್ತಕದಲ್ಲಿ ಒಂದು ಅಚ್ಚು ಒತ್ತಿ ನೋಡುವುದು. ನಾನು ಸೇರಿದ ಹೊಸದು, ಜನವರಿ ಮೊದಲ ವಾರ. ದಿನ ಬದಲಿಸಿದೆ, ತಿಂಗಳು ಬದಲಿಸಿದೆ, ಇಸವಿ ಹಳೆಯದೇ ಉಳಿಯಿತು. ಒಂದು ಕಾಗದವೂ ಹೊರಗೆ ಹೋಗಿರಲಿಲ್ಲ, ಪುಸ್ತಕದ ಅಚ್ಚು ನೋಡಿಯೇ ಸರ್ ಹಿಡಿದರು. ಬೈಯಲಿಲ್ಲ. ತಾವೇ ಇಸವಿ ಬದಲಿಸಿ ಇಟ್ಟರು. ಮರುದಿನ ಬೆಳಿಗ್ಗೆ ಒಳಗೆ ಬರುತ್ತಲೇ "ಇವತ್ತು ತಾರೀಕು ಎಷ್ಟು?" ಅಂತ ಕೇಳಿದರು. ನಾನು ಕ್ಯಾಲೆಂಡರ್ ನೋಡಿ ಹೇಳಿದೆ. ಅದರ ಮರುದಿನವೂ ಕೇಳಿದರು. ಇವತ್ತಿಗೂ ಕೇಳುತ್ತಾರೆ. ವಯಸ್ಸಾಯಿತು, ತಾರೀಕು ಮರೆಯುತ್ತಾರೆ ಅಂತಲೇ ಮೊದಲ ನಾಲ್ಕೈದು ತಿಂಗಳು ಅಂದುಕೊಂಡಿದ್ದೆ. ಅವರು ಕೇಳುತ್ತಿದ್ದುದು ನನ್ನ ಕೈಯಲ್ಲಿರುವ ಮೊಹರಿನ ತಾರೀಕು ಅಂತ ಆಮೇಲೆ ಅರ್ಥವಾಯಿತು.

ಎರಡು, ಒಬ್ಬರು ಅಜ್ಜಿ. ಪ್ರತಿ ತಿಂಗಳು ಹಣ ತೆಗೆಯಲು ಬರುತ್ತಾರೆ. ಕಚೇರಿಗೆ ಮೂರು ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಅವರಿಗೆ ಮಂಡಿನೋವು. ಸರ್ ಫಾರಂ, ಮಸಿ ಪ್ಯಾಡು ಹಿಡಿದು ತಾವೇ ಜಗಲಿಗೆ ಹೋಗುತ್ತಾರೆ. ಪೋಸ್ಟ್‌ಮನ್ ಅಣ್ಣ ಸಾಕ್ಷಿ ಹಾಕುತ್ತಾರೆ. ಹೆಬ್ಬೆಟ್ಟು ಒತ್ತಿಸಿದ ಮೇಲೆ ಬೆರಳು ಒರೆಸಿಕೊಳ್ಳಲು ಒಂದು ತುಂಡು ಬಟ್ಟೆ ಕೊಡುತ್ತಾರೆ. ಆ ಬಟ್ಟೆ ಅವರ ಡ್ರಾಯರಿನಲ್ಲಿ ಬೇರೆಯೇ ಇದೆ.

ಮೂರು, ಅವರ ಜನ್ಮದಿನಾಂಕ. ದಾಖಲೆಯಲ್ಲಿ ಜೂನ್ 1. ದೀಪಾವಳಿ ಹೊತ್ತಿಗೆ ಹುಟ್ಟಿದ್ದು ಅಂತ ಅವರ ತಾಯಿ ಹೇಳುತ್ತಿದ್ದರಂತೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಖಾಯಂ. "ಸರ್ಕಾರದ ಲೆಕ್ಕಕ್ಕೆ ಅರವತ್ತು, ನಮ್ಮಮ್ಮನ ಲೆಕ್ಕಕ್ಕೆ ಇನ್ನೂ ಐವತ್ತೊಂಬತ್ತು" ಅಂತ ಸರ್ ನಗುತ್ತಿರುತ್ತಾರೆ. ಇದನ್ನು ಭಾಷಣದಲ್ಲಿ ಹೇಳಿದರೆ ಜನ ನಗುತ್ತಾರಲ್ಲವೇ?

ಬಾಗಲಕೋಟಿ ಹುಡುಗ

ಜೂನ್ 1ಕ್ಕ ಹುಟ್ಟಿದವ್ರು ಜೂನ್ 30ಕ್ಕ ನಿವೃತ್ತಿ ಆಗ್ಬೇಕಲ್ರಿ? ಅರವತ್ತು ತುಂಬಿದ ತಿಂಗಳ ಕೊನೀ ದಿನ ಅಂತ ನಿಯಮ ಐತಿ. ಒಂದ್ ತಿಂಗಳ ಪಗಾರ ಹೋತಲ್ರಿ ಅವ್ರದು.

ಕುಡ್ಲ ಕಡಲು

ಇಲ್ಲ ಮಾರಾಯ್ರೇ. ನೀವು ಹೇಳಿದ ನಿಯಮ ಸರಿಯೇ, ಆದರೆ ಒಂದನೇ ತಾರೀಕಿಗೆ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹೋಗಬೇಕು. ಅದಕ್ಕೇ ಮೇ 31 ಬಂತೆಂದರೆ ಎಲ್ಲಾ ಇಲಾಖೆಯಲ್ಲೂ ಬೀಳ್ಕೊಡುಗೆಗಳ ಸಾಲು. ಆ ಕಾಲದ ಶಾಲೆಗಳಲ್ಲಿ ಅರ್ಧ ತರಗತಿ ಜೂನ್ 1ಕ್ಕೇ ಹುಟ್ಟಿದ್ದು!

ನಾನೂ ಅಂಚೆಯಲ್ಲೇ ಇರುವುದು. ಜನ್ಮದಿನಾಂಕದ ತಮಾಷೆ ನೀವು ಹೇಳಬೇಡಿ. ಸರ್ವಿಸ್ ಬುಕ್ಕಿನಲ್ಲಿ ಇರುವುದು ನಿಜವಾದ ತಾರೀಕಲ್ಲ ಅಂತ ಇನ್ಸ್‌ಪೆಕ್ಟರ್ ಎದುರು ಮೈಕಿನಲ್ಲಿ ಹೇಳಿದ ಹಾಗಾಗುತ್ತದೆ. ಅವರೂ ನಗಬಹುದು. ಆದರೆ ಪಿಂಚಣಿ ಕಾಗದ ಇನ್ನೂ ಓಡಾಡುತ್ತಿರುವಾಗ ಸರ್ ಮನಸ್ಸಿಗೆ ಒಂದು ಅಳುಕು ಯಾಕೆ?

ಇನ್ನೊಂದು. ಕಾರ್ಯಕ್ರಮ ಎಷ್ಟು ಗಂಟೆಗೆ? ಅವರು ಚಾರ್ಜ್ ಕೊಡುವ ಮೊದಲು ಇಡಬೇಡಿ. ಕ್ಯಾಶ್ ಎಣಿಸಿ, ಸ್ಟಾಂಪು ಎಣಿಸಿ, ಬೀಗದ ಕೈ ಒಪ್ಪಿಸಿ, ಚಾರ್ಜ್ ರಿಪೋರ್ಟಿಗೆ ಇಬ್ಬರೂ ಸಹಿ ಹಾಕುವವರೆಗೆ ಪೋಸ್ಟ್‌ಮಾಸ್ಟರ್ ತಲೆಯಲ್ಲಿ ಬೇರೇನೂ ಹೋಗುವುದಿಲ್ಲ. ನಮ್ಮಲ್ಲಿ ಒಮ್ಮೆ ಮಧ್ಯಾಹ್ನ ಮೂರಕ್ಕೆ ಕಾರ್ಯಕ್ರಮ ಇಟ್ಟರು. ಆ ಹಿರಿಯರು ಹಾರ ಹಾಕಿಕೊಂಡೇ ನಡುವೆ ಎರಡು ಸಲ ಎದ್ದು ಹೋಗಿ ತಿಜೋರಿ ನೋಡಿ ಬಂದರು. ಯಾರು ಏನು ಮಾತಾಡಿದರು ಅಂತ ಅವರಿಗೆ ಒಂದೂ ನೆನಪಿಲ್ಲ.

ಹಾಸನದ ಅಕ್ಕ

ಜನ್ಮದಿನಾಂಕದ ವಿಷಯ ನನಗೇನೋ ಅಷ್ಟು ದೊಡ್ಡದು ಅನ್ನಿಸಲ್ಲ, ಊರಿಗೆಲ್ಲ ಗೊತ್ತಿರೋದೇ. ಬಿಡಿ, ನಾನು ಬೇರೆ ಒಂದು ಹೇಳ್ತೀನಿ.

ನಮ್ಮಪ್ಪ ಬಸ್ ಕಂಡಕ್ಟರ್ ಆಗಿದ್ರು. ಅವರ ಬೀಳ್ಕೊಡುಗೆಗೆ ಅಮ್ಮ, ನಾನು, ತಮ್ಮ ಮುಂದಿನ ಸಾಲಲ್ಲಿ ಕೂತಿದ್ವಿ. ಒಬ್ಬರು ನಗಿಸಬೇಕು ಅಂತ ಅಪ್ಪನ ಸಕ್ಕರೆ ಕಾಯಿಲೆ ಮಾತೆತ್ತಿದ್ರು. ಡಿಪೋದಲ್ಲಿ ಕದ್ದು ಜಿಲೇಬಿ ತಿಂತಿದ್ರು, ಇನ್ಮೇಲೆ ಅಮ್ಮಾವ್ರ ಕೈಗೆ ಸಿಕ್ಕಿಬಿದ್ರು ಅಂತ. ಎಲ್ಲಾ ನಕ್ರು, ಅಪ್ಪನೂ ನಕ್ರು. ಅಮ್ಮ ನಗಲಿಲ್ಲ. ಅವತ್ತು ರಾತ್ರಿ ಮನೇಲಿ ಯಾರೂ ಮಾತಾಡಲಿಲ್ಲ.

ಆಮೇಲೆ ಒಬ್ಬ ಡ್ರೈವರ್ ಅಣ್ಣ ಎದ್ದು ನಾಲ್ಕೇ ಮಾತು ಆಡಿದ್ರು. ಬಸ್ ಹೊರಡೋ ಹೊತ್ತಿಗೆ ಓಡಿ ಬರ್ತಿರೋ ಮಕ್ಕಳು ಕನ್ನಡಿಯಲ್ಲಿ ಕಂಡರೂ ತಾವು ನಿಲ್ಲಿಸ್ತಿರಲಿಲ್ಲವಂತೆ, ಅಪ್ಪ ಸೀಟಿ ಊದಿ ನಿಲ್ಲಿಸ್ತಿದ್ರಂತೆ. ಮೂವತ್ತು ವರ್ಷ ಅಪ್ಪ ಬೆಳಿಗ್ಗೆ ಹೋಗಿ ರಾತ್ರಿ ಬರೋದು ನೋಡಿದ್ವಿ, ಹೊರಗೆ ಏನು ಮಾಡ್ತಿದ್ರು ಅಂತ ಗೊತ್ತಾಗಿದ್ದು ಅವತ್ತೇ. ಮನೇಲಿ ಅವರು ಹೇಳಿಕೊಳ್ಳೋರಲ್ಲ. ನಿಮ್ಮ ಸರ್ ಮನೆಯವರಿಗೆ ಆ ಬಟ್ಟೆ ತುಂಡಿನ ವಿಷಯ ಗೊತ್ತಿರುತ್ತಾ? ಇರಲ್ಲ. ಅದನ್ನ ಅವರಿಗಾಗಿ ಹೇಳಿ.

ಹಳೇ ನಿರೂಪಕ

ಅಕ್ಕ ಹೇಳಿದ್ದಕ್ಕೆ ನಾನು ಸೇರಿಸುವುದು ಸ್ವಲ್ಪ. ತಮಾಷೆಗೆ ನಾನು ಪಾಲಿಸಿಕೊಂಡು ಬಂದದ್ದು ಇದು: ಹಿರಿಯರು ತಾವೇ ಹತ್ತು ಜನರೆದುರು ನಗುತ್ತಾ ಹೇಳಿಕೊಳ್ಳುವ ಸಂಗತಿ ಮಾತ್ರ ನಮ್ಮ ಬಾಯಲ್ಲಿ ಬರಬಹುದು, ಅದೂ ಮೊದಲೇ ಅವರನ್ನು ಕೇಳಿ. ಕಾಯಿಲೆ, ಊಟ, ದುಡ್ಡು, ಹೆಂಡತಿಗೆ ಹೆದರುವುದು ಇವಕ್ಕೆ ಸಭೆಯಲ್ಲಿ ನಗು ಸುಲಭವಾಗಿ ಬರುತ್ತದೆ, ಮನೆಗೆ ಹೋದ ಮೇಲೆ ನೋವಾಗುತ್ತದೆ.

ಶರಾವತಿಯವರೇ, ನಿಮ್ಮ ತಾರೀಕಿನ ಕತೆಯೊಳಗೇ ನಗು ಇದೆ. ಜನ ನಗುವುದು ನಿಮ್ಮ ತಪ್ಪು ತಿಳಿವಳಿಕೆಗೆ, ಸರ್‌ಗೆ ಅಲ್ಲ. ಕೊನೆಗೆ ಅವರ ತಾಳ್ಮೆಯೇ ಕಾಣುತ್ತದೆ. ಬೇರೆ ತಮಾಷೆ ಹುಡುಕಬೇಡಿ. ಅಜ್ಜಿಯ ಸಂಗತಿಯನ್ನು ಅದರ ನಂತರ ಇಡಿ. ಜನ ನಕ್ಕು ಸಡಿಲವಾದ ಮೇಲೆ ಅದು ಮನಸ್ಸಿಗೆ ಇಳಿಯುತ್ತದೆ. ಮೊದಲು ಅಜ್ಜಿ ಬಂದರೆ ಕಣ್ಣೊರೆಸಿಕೊಳ್ಳುತ್ತಿರುವವರನ್ನು ನೀವು ನಗಿಸಬೇಕಾಗುತ್ತದೆ.

ಕೈಯಲ್ಲಿ ಬರೆದರೆ ಫುಲ್‌ಸ್ಕೇಪ್ ಹಾಳೆಯಲ್ಲಿ ಒಂದೂವರೆ ಪುಟ ಸಾಕು. ಗಟ್ಟಿಯಾಗಿ ಓದಿ ಗಡಿಯಾರ ನೋಡಿ, ಐದು ನಿಮಿಷ ದಾಟಬಾರದು. ನೋಡದೆ ಹೇಳಿ, ಆದರೆ ಮೊದಲ ಮತ್ತು ಕೊನೆಯ ವಾಕ್ಯ ಚೀಟಿಯಲ್ಲಿರಲಿ.

ಕುಡ್ಲ ಕಡಲು

ಓದಿಯೇ ಹೇಳಲಿ ಮೇಷ್ಟ್ರೇ. ಗಂಟಲು ಕಟ್ಟಿದಾಗ ಕಾಗದ ಬೇಕಾಗುತ್ತದೆ. ನಾನು ನೋಡದೆ ಹೇಳಲು ಹೋಗಿ ಅರ್ಧದಲ್ಲಿ ನಿಂತು, ಕೊನೆಗೆ ನಮಸ್ಕಾರ ಮಾಡಿ ಕೂತಿದ್ದೆ.

ಹಳೇ ನಿರೂಪಕ

ಓದಿದರೆ ಕಣ್ಣು ಹಾಳೆಯ ಮೇಲಿರುತ್ತದೆ, ಹಿರಿಯರ ಮುಖ ನೋಡುವುದು ತಪ್ಪುತ್ತದೆ. ನಾನು ಒಪ್ಪುವುದಿಲ್ಲ. ಅವರವರ ಧೈರ್ಯ ನೋಡಿಕೊಂಡು ಮಾಡಲಿ.

ಶರಾವತಿ ತೀರ (ಮೇ 27)

ಎಲ್ಲರ ಮಾತೂ ತೆಗೆದುಕೊಂಡು ಹೊಸದಾಗಿ ಬರೆದೆ. ಜನ್ಮದಿನಾಂಕದ ವಿಷಯ ಸರ್ ಅವರನ್ನೇ ಕೇಳಿದೆ. "ಅದು ನನಗೆ ಬಿಡು, ನಾನೇ ಹೇಳ್ತೀನಿ" ಅಂದರು. ತಾರೀಕಿನ ಕತೆಗೆ ಒಪ್ಪಿಗೆ ಸಿಕ್ಕಿದೆ. ಅಜ್ಜಿಯದ್ದು ಅವರಿಗೆ ಹೇಳಿಲ್ಲ. ಕಾರ್ಯಕ್ರಮ ಸಂಜೆ ಆರಕ್ಕೆ, ಚಾರ್ಜ್ ಕೊಟ್ಟ ಮೇಲೆ.

"ಸರ್, ಸರ್ ಮನೆಯಿಂದ ಬಂದಿರುವ ಎಲ್ಲರೇ, ವೇದಿಕೆಯ ಮೇಲಿರುವ ಇನ್ಸ್‌ಪೆಕ್ಟರ್ ಸಾಹೇಬರೇ, ನಮ್ಮ ಕಚೇರಿಯ ಅಣ್ಣಂದಿರೇ, ಅಕ್ಕಂದಿರೇ.

ಸರ್ ಅವರ ಸೇವೆ 38 ವರ್ಷ. ಅದರಲ್ಲಿ ನಾನು ನೋಡಿದ್ದು ಕೊನೆಯ ಮೂರೂವರೆ ವರ್ಷ. ನನ್ನ ಕಣ್ಣಿಗೆ ಬಿದ್ದಷ್ಟನ್ನೇ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸರ್ ಬಗ್ಗೆ ನನಗೊಂದು ಚಿಂತೆ ಹತ್ತಿತ್ತು. ದಿನಾ ಬೆಳಿಗ್ಗೆ ಒಳಗೆ ಬರುತ್ತಾರೆ, ಕೊಡೆ ಮೂಲೆಗಿಡುತ್ತಾರೆ, 'ಇವತ್ತು ತಾರೀಕು ಎಷ್ಟು?' ಅಂತ ಕೇಳುತ್ತಾರೆ. ಸೋಮವಾರವೂ ಕೇಳುತ್ತಾರೆ, ಮಂಗಳವಾರವೂ ಕೇಳುತ್ತಾರೆ. ಎದುರಿಗೇ ಗೋಡೆಯ ಮೇಲೆ ಇಷ್ಟು ದೊಡ್ಡ ಕ್ಯಾಲೆಂಡರ್ ಇದೆ. ಅದನ್ನು ತೂಗುಹಾಕಿದವರೂ ಅವರೇ. ಪಾಪ, ಮರೆವು ಶುರುವಾಗಿದೆ ಅಂದುಕೊಂಡು ನಾನು ಗಟ್ಟಿಯಾಗಿ, ನಿಧಾನವಾಗಿ, ತಾರೀಕಿನ ಜೊತೆ ವಾರವನ್ನೂ ಸೇರಿಸಿ ಹೇಳುತ್ತಿದ್ದೆ.

ಎಷ್ಟೋ ದಿನದ ಮೇಲೆ ಹೊಳೆಯಿತು. ಆ ಜನವರಿಯಲ್ಲಿ ಮೊಹರಿನ ಇಸವಿ ಬದಲಿಸುವುದನ್ನು ನಾನು ಮರೆತಿದ್ದೆ. ಅವತ್ತು ಸರ್ ಒಂದು ಮಾತೂ ಆಡಲಿಲ್ಲ. ಆ ಮರುದಿನದಿಂದ ಶುರುವಾದ ಪ್ರಶ್ನೆ ಇದು. ಸರ್‌ಗೆ ತಾರೀಕು ಗೊತ್ತಿತ್ತು. ನನಗೆ ಗೊತ್ತಿರಲಿ ಅಂತ ಕೇಳುತ್ತಿದ್ದರು. ಬೈದಿದ್ದರೆ ಆ ಒಂದು ದಿನ ನೆನಪಿರುತ್ತಿತ್ತು. ಕೇಳಿದ್ದರಿಂದ ದಿನಾ ನೆನಪಿದೆ.

ಇನ್ನೊಂದು ಸಂಗತಿಗೆ ಸರ್ ಒಪ್ಪಿಗೆ ಪಡೆದಿಲ್ಲ, ಕ್ಷಮಿಸಬೇಕು. ಸರ್ ಮೇಜಿನ ಬಲಗಡೆಯ ಡ್ರಾಯರಿನಲ್ಲಿ ಒಂದು ಬಟ್ಟೆಯ ತುಂಡಿದೆ. ಒಗೆದು ಮಡಿಸಿ ಇಟ್ಟದ್ದು. ನಮ್ಮ ಮೂರು ಮೆಟ್ಟಿಲು ಹತ್ತಲಾಗದ ಅಜ್ಜಿಯೊಬ್ಬರು ತಿಂಗಳಿಗೊಮ್ಮೆ ಬರುತ್ತಾರೆ. ಸರ್ ಫಾರಂ ಮತ್ತು ಮಸಿ ಪ್ಯಾಡು ಹಿಡಿದು ಹೊರಗೆ ಹೋಗುತ್ತಾರೆ. ಹೆಬ್ಬೆಟ್ಟು ಒತ್ತಿದ ಮೇಲೆ ಆ ಬಟ್ಟೆ ಕೊಡುತ್ತಾರೆ, ಅಜ್ಜಿಯ ಸೆರಗಿಗೆ ಮಸಿ ತಾಗಬಾರದು ಅಂತ. ಅಮ್ಮ, ಅದನ್ನು ಸರ್ ಮನೆಯಲ್ಲಿ ಒಗೆಯುತ್ತಿದ್ದರೆ ಮಸಿ ಎಲ್ಲಿಂದ ಬಂತು ಅಂತ ನಿಮಗೆ ಅನ್ನಿಸಿರಬಹುದು. ಅಲ್ಲಿಂದ ಬಂದದ್ದು.

ಹೋದ ವಾರ ಅಜ್ಜಿ ನನ್ನನ್ನು ಕೇಳಿದರು: 'ಹೊಸ ಸಾಹೇಬ್ರು ಹೊರಗೆ ಬತ್ತಾರಾ ಮಗಾ?' ಅದು ನನಗೆ ಗೊತ್ತಿಲ್ಲ, ನಾನಂತೂ ಬರುತ್ತೇನೆ ಅಂದೆ. ಸರ್, ಆ ಬಟ್ಟೆ ಡ್ರಾಯರಿನಲ್ಲೇ ಇರಲಿ, ಮನೆಗೆ ತೆಗೆದುಕೊಂಡು ಹೋಗಬೇಡಿ.

ಇವತ್ತು ಬೆಳಿಗ್ಗೆಯೂ ಸರ್ ತಾರೀಕು ಕೇಳಿದರು. ಮೂವತ್ತೊಂದು ಅನ್ನಲು ನನಗೆ ಬಾಯಿ ಬರಲಿಲ್ಲ. ಸೋಮವಾರ ಬೆಳಿಗ್ಗೆ ಮೊಹರಿನ ತಾರೀಕು ಬದಲಿಸಿಯೇ ಕೌಂಟರ್ ತೆರೆಯುತ್ತೇನೆ ಸರ್. ನೀವು ಈ ಕಡೆ ಬಂದಾಗ ಕೇಳಿ. ನಮಸ್ಕಾರ."

ಹಾಸನದ ಅಕ್ಕ

ಅಮ್ಮನಿಗೆ ನೇರವಾಗಿ ಹೇಳಿದ್ದು ಒಳ್ಳೇದಾಯ್ತು. ಓದ್ತಾ ನನಗೇ ಗಂಟಲು ಕಟ್ಟಿತು.

ಹಳೇ ನಿರೂಪಕ

ಇದರಲ್ಲಿ ನಾನು ಮುಟ್ಟುವುದು ಒಂದೇ ಕಡೆ. "ಇವತ್ತು ಬೆಳಿಗ್ಗೆಯೂ ಕೇಳಿದರು" ಅಂತ ಮೇ 27ಕ್ಕೇ ಬರೆದಿದ್ದೀರಿ. ಅವತ್ತು ಕೇಳದಿದ್ದರೆ ಆ ಸಾಲು ಬಿಡಿ. ನಡೆಯದ್ದನ್ನು ಅವರ ಎದುರೇ ಹೇಳಬಾರದು.

ಬಾಗಲಕೋಟಿ ಹುಡುಗ

ಭಾಳ ಛಲೋ ಆಗೈತ್ರಿ. ಇಸವಿ ಪಟ್ಟಿ ಬಗ್ಗೆ ಮಾತ್ರ ನನ್ನ ಮಾತು ನಾ ಬಿಡಂಗಿಲ್ಲ. ನಮ್ಮ ಕಡಿ ಅದನ್ನ ಹೇಳಲಿಲ್ಲಂದ್ರ ಹಿರ್ಯಾರು ಮುನಿಸ್ಕೋತಾರ.

ಶರಾವತಿ ತೀರ (ಜೂನ್ 3)

ಕಾರ್ಯಕ್ರಮ ಆಯಿತು. ಚಾರ್ಜ್ ಮುಗಿಯುವಾಗಲೇ ಆರೂಕಾಲು. ಹೊರಗೆ ಜೋರು ಮಳೆ, ಕರೆಂಟು ಹೋಗಿ ಮೈಕ್ ಇರಲಿಲ್ಲ. ಕಾಗದ ಕೈಯಲ್ಲಿತ್ತು, ಕತ್ತಲಲ್ಲಿ ಅಕ್ಷರ ಕಾಣಲಿಲ್ಲ, ಹಾಗಾಗಿ ನೋಡದೆಯೇ ಹೇಳಿದೆ. ಮೇಷ್ಟ್ರೇ, ಅವತ್ತು ಬೆಳಿಗ್ಗೆ ಸರ್ ತಾರೀಕು ಕೇಳಲಿಲ್ಲ. ಸೀದಾ ಬಂದು ಮೊಹರನ್ನು ತಾವೇ ಕೈಗೆತ್ತಿಕೊಂಡು ತಾರೀಕು ಬದಲಿಸಿ, ಪುಸ್ತಕದಲ್ಲಿ ಅಚ್ಚು ಒತ್ತಿ, ನನ್ನ ಕಡೆ ತಿರುಗಿಸಿದರು. ಆ ಸಾಲು ಬಿಟ್ಟು ಇದನ್ನೇ ಹೇಳಿದೆ.

ಮರೆವು ಅಂದುಕೊಂಡೆ ಅಂದಾಗ ಇನ್ಸ್‌ಪೆಕ್ಟರ್ ಸಾಹೇಬರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಬಟ್ಟೆಯ ಮಾತು ಬಂದಾಗ ಅಮ್ಮ ಸರ್ ಕಡೆ ತಿರುಗಿ ಏನೋ ಕೇಳಿದರು, ಸರ್ ತಲೆ ತಗ್ಗಿಸಿದರು. ಜನ್ಮದಿನಾಂಕದ ತಮಾಷೆಯನ್ನು ಸರ್ ತಮ್ಮ ಮಾತಿನಲ್ಲಿ ಹೇಳಲೇ ಇಲ್ಲ. ಯಾಕೆ ಅಂತ ನಾನೂ ಕೇಳಲಿಲ್ಲ.

ತುಮಕೂರು ತೆಂಗು

ನಮ್ಮಣ್ಣಂದು ಆಗಸ್ಟ್ ಕೊನೇಲಿ ಇದೆ. ಎಲ್ಲರೂ ಹೊಗಳಿದ ಮೇಲೆ ಅವನು ಎದ್ದು ಉತ್ತರ ಮಾತು ಆಡಬೇಕಂತೆ, ಈಗಲೇ ಹೆದರ್ಕೊಂಡಿದ್ದಾನೆ. ಅದಕ್ಕೆ ಏನು ಹೇಳೋದು ಮೇಷ್ಟ್ರೇ?

ಹಳೇ ನಿರೂಪಕ

ತನಗೆ ಕೆಲಸ ಕಲಿಸಿದ ಹಿರಿಯರೊಬ್ಬರನ್ನು ನೆನೆಯಲಿ, ತಾನು ಬಿಟ್ಟು ಹೋಗುವ ಕುರ್ಚಿಗೆ ಬರುವವರಿಗೆ ಒಳ್ಳೆಯದಾಗಲಿ ಅನ್ನಲಿ, ಮನೆಯವರ ಹೆಸರು ಹೇಳಿ ಕೂರಲಿ. ಮೂರು ನಿಮಿಷ. ಅಣ್ಣ ಏನು ಕೆಲಸದಲ್ಲಿದ್ದಾರೆ ಅಂತ ತಿಳಿಸಿ, ಬೇರೆ ಎಳೆ ಶುರು ಮಾಡೋಣ.